ಅಬ್ದುಲ್ಲಾರಿಂದ ಶುರು ಮಾಡಿ

‘ಸರ್, ದೊಡ್ಡ ಪಾಪ ಮಾಡಿದವನು ಮುಸ್ಲಿಮನಾಗಿ ಉಳಿಯುತ್ತಾನಾ ಎನ್ನುವ ಬಗ್ಗೆ ಲೇಖನ ಕಳಿಸಿದ್ದೇನೆ. ಖವಾರಿಜ್, ಮುರ್ಜಿಆ ಎಂಬ ಹಳೆಯ ಎರಡು ಪಂಥಗಳು, ಸುನ್ನಿಗಳ ಮಧ್ಯಮ ನಿಲುವು, ಮೂರನ್ನೂ ವಿವರಿಸಿದ್ದೇನೆ. ಓದಿದವರು ಪಠ್ಯಪುಸ್ತಕದ ಹಾಗಿದೆ ಅಂದರು. ಎಲ್ಲಿ ಎಡವಿದ್ದೇನೆ, ಮುಲಾಜಿಲ್ಲದೆ ಹೇಳಿ.’

ಓದಿದವರು ಹೇಳಿದ್ದು ಸರಿ. ಮೊದಲ ಎರಡು ಪುಟ ತೆಗೆದುಹಾಕಿ. ಅಲ್ಲಿರುವುದು ಬರೀ ಅರ್ಥವಿವರಣೆ. ಮೂರನೇ ಪುಟ ಬರುವವರೆಗೆ ಒಬ್ಬ ಮನುಷ್ಯನೂ ಕಾಣಿಸುವುದಿಲ್ಲ. ಪಾಪದ ಬಗ್ಗೆ ಬರೆಯುತ್ತೀರಿ, ಪಾಪ ಮಾಡಿದವನೇ ಇಲ್ಲ!

ನಿಮ್ಮ ಐದನೇ ಪುಟದಲ್ಲಿ ಒಂದು ಹದೀಸ್ ಅಡಿಟಿಪ್ಪಣಿಯಾಗಿ ಕೂತಿದೆ. ಅದನ್ನು ಎತ್ತಿ ಮೊದಲಿಗೆ ತನ್ನಿ. ಬುಖಾರಿಯ ಹದೀಸ್ ಸಂಗ್ರಹದಲ್ಲಿರುವುದು, ಖಲೀಫ ಉಮರ್ ಅವರು ಹೇಳಿದ್ದು. ಅಬ್ದುಲ್ಲಾ ಎಂಬವರಿದ್ದರು, ಜನ ‘ಹಿಮಾರ್’ ಅಂದರೆ ಕತ್ತೆ ಅಂತ ಅಡ್ಡಹೆಸರಿಟ್ಟಿದ್ದರು. ಪ್ರವಾದಿಯವರನ್ನು ನಗಿಸುತ್ತಿದ್ದವರು. ಆದರೆ ಕುಡಿತ ಬಿಡಲಿಲ್ಲ. ಶಿಕ್ಷೆಯಾಗಿತ್ತು, ಮತ್ತೆ ಕುಡಿದು ಸಿಕ್ಕಿಬಿದ್ದರು, ಮತ್ತೆ ಏಟು ಬಿತ್ತು. ಅಲ್ಲಿದ್ದವರೊಬ್ಬರು, ‘ಇವನಿಗೆ ಶಾಪ ತಟ್ಟಲಿ, ಎಷ್ಟು ಸಲ ಇವನನ್ನು ಹಿಡಿದು ತರುವುದು!’ ಅಂದರು. ಪ್ರವಾದಿಯವರು ತಡೆದರು: ಶಪಿಸಬೇಡಿ, ಇವನು ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ.

ನೋಡಿ, ನಿಮ್ಮ ಇಡೀ ವಿಷಯ ಇಲ್ಲೇ ಇದೆ. ಏಟು ತಪ್ಪಲಿಲ್ಲ, ಪ್ರೀತಿಯನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಈಗ ಈ ಅಬ್ದುಲ್ಲಾರನ್ನು ಒಂದೊಂದು ಗುಂಪಿನ ಮುಂದೆ ನಿಲ್ಲಿಸಿ, ಅವರೇನು ಹೇಳುತ್ತಾರೆ ಕೇಳಿ. ಲೇಖನ ತಾನಾಗಿ ನಡೆಯುತ್ತದೆ.

ಖವಾರಿಜ್‌ಗಳನ್ನು ನೀವು ರಾಕ್ಷಸರ ಹಾಗೆ ಬರೆದಿದ್ದೀರಿ. ಅದು ಸುಲಭದ ದಾರಿ. ಅವರು ರಾತ್ರಿಯಿಡೀ ನಮಾಝ್ ಮಾಡುತ್ತಿದ್ದವರು, ಕುರ್‌ಆನ್ ಬಾಯಿಪಾಠ ಇದ್ದವರು. 657ರಲ್ಲಿ ಸಿಫ್ಫೀನ್‌ನಲ್ಲಿ ಖಲೀಫ ಅಲಿ ಮತ್ತು ಸಿರಿಯಾದ ರಾಜ್ಯಪಾಲ ಮುಆವಿಯಾ ಸೇನೆಗಳು ಎದುರಾದವು. ಜಗಳ ತೀರಿಸಲು ಇಬ್ಬರು ಮಧ್ಯಸ್ಥರನ್ನು ನೇಮಿಸಲು ಅಲಿ ಒಪ್ಪಿದರು. ‘ತೀರ್ಪು ಅಲ್ಲಾಹನದು ಮಾತ್ರ’ ಎಂದು ಒಂದು ಗುಂಪು ಸಿಡಿದುಹೋಯಿತು. ಮನುಷ್ಯರ ಕೈಗೆ ತೀರ್ಪು ಕೊಟ್ಟದ್ದು ದೊಡ್ಡ ಪಾಪ, ಅದನ್ನು ಮಾಡಿದವನು ಕಾಫಿರ್ ಎಂದರು. ಅಲಿಯವರ ಉತ್ತರ ಪ್ರಸಿದ್ಧ: ಮಾತು ನಿಜ, ಅದರಿಂದ ಸಾಧಿಸಹೊರಟದ್ದು ಸುಳ್ಳು.

ಇವರನ್ನು ಹತ್ತಿರದಿಂದ ತೋರಿಸಲು ಒಂದೇ ಒಂದು ಘಟನೆ ಸಾಕು. ಇತಿಹಾಸಕಾರ ತಬರಿ ಬರೆದಿಟ್ಟಿದ್ದಾರೆ. ನಹ್ರವಾನ್ ಕಡೆ ಹೋಗುವಾಗ ಅವರಲ್ಲೊಬ್ಬ ಮರದಿಂದ ಬಿದ್ದ ಖರ್ಜೂರ ಎತ್ತಿ ಬಾಯಿಗೆ ಹಾಕಿಕೊಂಡ. ‘ಯಜಮಾನನನ್ನು ಕೇಳದೆ, ದುಡ್ಡು ಕೊಡದೆ ತಿಂತೀಯಾ?’ ಎಂದು ಜೊತೆಗಾರ ಗದರಿದ. ಅವನು ತಕ್ಷಣ ಉಗಿದ. ಅದೇ ಜನ, ಪ್ರವಾದಿಯವರ ಸಂಗಾತಿಯಾಗಿದ್ದ ಸಹಾಬಿಯೊಬ್ಬರ ಮಗ ಅಬ್ದುಲ್ಲಾ ಇಬ್ನ್ ಖಬ್ಬಾಬ್ ಮತ್ತು ಅವರ ಬಸುರಿ ಹೆಂಡತಿಯನ್ನು ಕೊಂದರು. ಖರ್ಜೂರಕ್ಕೆ ಹೆದರಿದವರು ಕೊಲೆಗೆ ಹೆದರಲಿಲ್ಲ. ಏಕೆಂದರೆ ಅವರ ಲೆಕ್ಕದಲ್ಲಿ ಎದುರಿಗಿದ್ದವರು ಮುಸ್ಲಿಮರೇ ಅಲ್ಲ.

ಒಂದು ತಪ್ಪು ಕೂಡಲೇ ತಿದ್ದಿ. ಒಮಾನಿನ ಇಬಾದಿಗಳನ್ನೂ ಇದೇ ಬುಟ್ಟಿಗೆ ಹಾಕಿದ್ದೀರಿ. ಅವರ ಬೇರು ಆ ಕಾಲದ್ದೇ ಇರಬಹುದು. ಆದರೆ ಅವರು ಪಾಪಿಯನ್ನು ಅಲ್ಲಾಹನ ಉಪಕಾರ ಮರೆತವನು ಎನ್ನುತ್ತಾರೆ, ಧರ್ಮದಿಂದ ಹೊರಬಿದ್ದವನು ಎನ್ನುವುದಿಲ್ಲ. ಕತ್ತಿ ಹಿಡಿದು ಎಲ್ಲರನ್ನೂ ಹೊರಹಾಕಿದವರು ನಾಫಿಅ್ ಇಬ್ನ್ ಅಲ್ ಅಝ್ರಕ್‌ನ ಕಡೆಯವರು. ಇಬ್ಬರನ್ನೂ ಒಂದೇ ಅಂದರೆ ಮಸ್ಕತ್‌ನಲ್ಲಿ ಕೆಲಸ ಮಾಡುವ ನಮ್ಮ ಓದುಗರೇ ನಗುತ್ತಾರೆ.

ಮುರ್ಜಿಆಗಳಿಗೂ ಅನ್ಯಾಯ ಆಗಿದೆ. ‘ಪಾಪ ಮಾಡಿದರೂ ಪರವಾಗಿಲ್ಲ ಎಂದವರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ‘ಇರ್ಜಾ’ ಅಂದರೆ ಮುಂದಕ್ಕೆ ಹಾಕುವುದು. ಶುರುವಿನಲ್ಲಿ ಅವರು ಮುಂದಕ್ಕೆ ಹಾಕಿದ್ದು ಖಲೀಫರಾಗಿದ್ದ ಉಸ್ಮಾನ್ ಮತ್ತು ಅಲಿಯವರ ಮೇಲಿನ ತೀರ್ಪನ್ನು. ‘ನಾವು ಆಗ ಇರಲಿಲ್ಲ, ಅಲ್ಲಾಹನಿಗೆ ಬಿಡೋಣ’ ಎಂದರು. ಅಂತರ್ಯುದ್ಧದಲ್ಲಿ ಬೆಂದ ಊರುಗಳಲ್ಲಿ ಇದು ಸೋಮಾರಿ ಮಾತಲ್ಲ, ಸಮಾಧಾನದ ಮಾತು. ಆಮೇಲೆ ಅದು ಸಿದ್ಧಾಂತವಾಯಿತು: ಈಮಾನ್ ಅಂದರೆ ಮನಸ್ಸಿನ ನಂಬಿಕೆ, ನಾಲಿಗೆಯ ಒಪ್ಪಿಗೆ, ಕೆಲಸ ಬೇರೆ. ಈಮಾನ್ ಇದ್ದರೆ ಪಾಪ ಏನೂ ಮಾಡದು ಎಂದವರು ಇವರಲ್ಲಿ ಅತಿಗೆ ಹೋದವರು ಮಾತ್ರ.

ಇಮಾಮ್ ಅಬೂ ಹನೀಫಾರನ್ನು ಅವರ ವಿರೋಧಿಗಳು ಮುರ್ಜಿಆ ಎಂದು ಕರೆದದ್ದು ಇದೇ ಗೊಂದಲದಿಂದ. ಕೆಲಸ ಈಮಾನಿನ ಭಾಗವಲ್ಲ ಎಂದರು ನಿಜ. ಆದರೆ ಪಾಪಕ್ಕೆ ಶಿಕ್ಷೆ ಇಲ್ಲ ಎನ್ನಲಿಲ್ಲ. ವಿದ್ವಾಂಸ ಉಸ್ಮಾನ್ ಅಲ್ ಬತ್ತಿಗೆ ಬರೆದ ಪತ್ರದಲ್ಲಿ ಆ ಹೆಸರನ್ನೇ ಅವರು ಒಪ್ಪಿಲ್ಲ. ಇದನ್ನು ಹೇಳಲೇಬೇಕು. ನಮ್ಮ ಒಳನಾಡಿನಲ್ಲಿ ಹನಫಿಗಳೇ ಜಾಸ್ತಿ, ಕರಾವಳಿಯಲ್ಲಿ ಶಾಫಿಗಳು. ಈಮಾನ್ ಏರಿಳಿಯುತ್ತದೆ ಎಂದು ಶಾಫಿ ಪಾಠ, ಇಲ್ಲ ಎಂದು ಹನಫಿ ಪಾಠ. ಆದರೂ ಕುಡುಕನ ಜನಾಝಾ ನಮಾಝ್ ಎರಡೂ ಕಡೆ ನಡೆಯುತ್ತದೆ, ಅಲ್ವಾ?

ಈಗ ನಿಮ್ಮ ಲೇಖನದಲ್ಲಿ ಇಲ್ಲದ್ದು. ಮೂರು ಗುಂಪನ್ನು ಮೂರು ಡಬ್ಬಿಯಲ್ಲಿಟ್ಟಿದ್ದೀರಿ, ಆದರೆ ಮೊದಲೆರಡರ ತಳ ಒಂದೇ. ಇದನ್ನು ವಿದ್ವಾಂಸ ಇಬ್ನ್ ತೈಮಿಯ್ಯಾ (1263–1328) ಚೆನ್ನಾಗಿ ಹಿಡಿದಿದ್ದಾರೆ. ಈಮಾನ್ ಒಂದೇ ಮುದ್ದೆ, ತುಂಡಾಗುವುದಿಲ್ಲ ಎಂದು ಇಬ್ಬರೂ ನಂಬಿದರು. ಕೆಲಸ ಆ ಮುದ್ದೆಯೊಳಗಿದೆ, ಚೂರು ಹೋದರೆ ಪೂರಾ ಹೋಯಿತು ಎಂದರು ಖವಾರಿಜ್. ಕೆಲಸ ಅದರ ಹೊರಗಿದೆ, ಆದ್ದರಿಂದ ಏನೂ ಹೋಗಲಿಲ್ಲ ಎಂದರು ಮುರ್ಜಿಆ. ಈಮಾನಿಗೆ ಭಾಗಗಳಿವೆ, ಒಂದು ಭಾಗ ಸವೆದರೂ ಬೇರು ಉಳಿಯುತ್ತದೆ ಎಂದರೆ ಮಾತ್ರ ಅಬ್ದುಲ್ಲಾರ ಕಥೆ ಅರ್ಥವಾಗುತ್ತದೆ. ಅವರು ಈಮಾನಿನಿಂದ ಮೂಮಿನ್ ಅಂದರೆ ವಿಶ್ವಾಸಿ, ಪಾಪದಿಂದ ಫಾಸಿಕ್ ಅಂದರೆ ದಾರಿ ತಪ್ಪಿದವರು.

ವಾದಕ್ಕೆ ನೀವು ಕುರ್‌ಆನಿನ ಆಯತ್‌ಗಳ ಸಾಲು ಸುರಿದಿದ್ದೀರಿ. ಎರಡು ಸಾಕು. 4:48: ತನಗೆ ಸಹಭಾಗಿಗಳನ್ನು ಕಲ್ಪಿಸುವುದನ್ನು ಅಲ್ಲಾಹ್ ಕ್ಷಮಿಸುವುದಿಲ್ಲ, ಅದಕ್ಕಿಂತ ಕಡಿಮೆಯದನ್ನು ತಾನಿಚ್ಛಿಸಿದವರಿಗೆ ಕ್ಷಮಿಸುತ್ತಾನೆ. 49:9: ಹೊಡೆದಾಡುವ ಎರಡೂ ಗುಂಪುಗಳನ್ನು ‘ಮೂಮಿನರು’ ಎಂದೇ ಕರೆಯುತ್ತದೆ. ಇವುಗಳ ಪಕ್ಕದಲ್ಲಿ ಒಂದು ಸರಳ ಮಾತು ಇಡಿ. ಕುಡಿದವನಿಗೆ ಏಟು, ಕದ್ದವನಿಗೆ ಕೈ ಕಡಿತ. ಪಾಪ ಮಾಡಿದ ಕೂಡಲೇ ಧರ್ಮ ಬಿಟ್ಟಂತೆ ಎಂದಾದರೆ, ಎಲ್ಲರಿಗೂ ಧರ್ಮ ಬಿಟ್ಟವನ ಶಿಕ್ಷೆ ಒಂದೇ ಇರಬೇಕಿತ್ತು. ಶಿಕ್ಷೆ ಬೇರೆಬೇರೆ ಇರುವುದೇ ಪುರಾವೆ. ‘ವ್ಯಭಿಚಾರಿ ವ್ಯಭಿಚಾರ ಮಾಡುವಾಗ ಮೂಮಿನ್ ಆಗಿರುವುದಿಲ್ಲ’ ಎಂಬ ಹದೀಸ್ ಎದುರು ಬರುತ್ತದೆ, ಮುಚ್ಚಿಡಬೇಡಿ. ಅದು ಪೂರ್ಣ ಈಮಾನಿನ ಮಾತು ಎಂದು ಅಹ್ಲುಸ್ಸುನ್ನಾ ಅಂದರೆ ಸುನ್ನಿ ಪಂಥ ಹೇಗೆ ಓದಿತು ಹೇಳಿ. ಪಾಪವನ್ನೇ ಹಲಾಲ್ ಎಂದು ವಾದಿಸುವವನ ಕಥೆ ಬೇರೆ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಅದು ಕೆಲಸದ ಪ್ರಶ್ನೆ ಅಲ್ಲ, ನಂಬಿಕೆಯದೇ ಪ್ರಶ್ನೆ.

ಕೊನೆಯ ಪುಟದ್ದು ದೊಡ್ಡ ತಪ್ಪು. ‘ಮಧ್ಯಮ’ ಎಂಬ ಪದ ನೋಡಿ ಮುಅ್ತಝಿಲಾ ಪಂಥದ ವಾಸಿಲ್ ಇಬ್ನ್ ಅತಾರನ್ನು ಅಹ್ಲುಸ್ಸುನ್ನಾದ ಬಾಯಿ ಮಾಡಿದ್ದೀರಿ. ವಾಸಿಲ್ ಹೇಳಿದ್ದು ‘ಎರಡು ಸ್ಥಾನಗಳ ನಡುವಿನ ಸ್ಥಾನ’: ಪಾಪಿ ಮೂಮಿನೂ ಅಲ್ಲ, ಕಾಫಿರೂ ಅಲ್ಲ. ಈ ಲೋಕದಲ್ಲಿ ಅವನ ಮದುವೆ, ಆಸ್ತಿ ಎಲ್ಲ ಮುಸ್ಲಿಮರ ಹಾಗೇ. ಆದರೆ ಪಶ್ಚಾತ್ತಾಪಪಟ್ಟು ತೌಬಾ ಮಾಡದೆ ಸತ್ತರೆ ನರಕದಲ್ಲಿ ಶಾಶ್ವತ. ಶಿಕ್ಷೆ ಸ್ವಲ್ಪ ಹಗುರ, ಅಷ್ಟೇ. ಪರಲೋಕಕ್ಕೆ ಬಂದಾಗ ಇದು ಖವಾರಿಜ್ ಮನೆಯ ಹಿತ್ತಿಲಿಗೇ ಹೋಗಿ ಸೇರುತ್ತದೆ. ಅಹ್ಲುಸ್ಸುನ್ನಾ ಪ್ರಕಾರ ಅವನು ಅಲ್ಲಾಹನ ಇಚ್ಛೆಯ ಕೆಳಗೆ ಇರುತ್ತಾನೆ: ಕ್ಷಮಿಸಬಹುದು, ಶಿಕ್ಷಿಸಿ ಹೊರತರಬಹುದು. ಇಬ್ಬರನ್ನೂ ಬೇರೆ ಮಾಡಿ ಬರೆಯಿರಿ.

ಹನ್ನೊಂದು ಪುಟ ಆರಕ್ಕೆ ಇಳಿಸಿ ಕಳಿಸಿ. ಹಾಗೇ, ‘ಮುಅ್ತಝಿಲಾ’ ನಾಲ್ಕು ಕಡೆ ನಾಲ್ಕು ಥರ ಇದೆ. ಒಂದನ್ನು ಇಟ್ಟುಕೊಳ್ಳಿ.