ಹೆಸರು ಹೊಂಟಹೋದ್ರ ಅಡ್ಡಹೆಸರು ಹಿಡೀರಿ

ಪ್ರಶ್ನೆ: ಮೈಸೂರಿನಿಂದ ವರ್ಗವಾಗಿ ಹುಬ್ಬಳ್ಳಿಗೆ ಬಂದಿದ್ದೀನಿ. ಹೊಸಬರು ನಮಸ್ಕಾರ ಅಂದು ಹೆಸರು ಹೇಳಿದ ಎರಡೇ ನಿಮಿಷಕ್ಕೆ ಅವರ ಹೆಸರು ಮರೆತುಹೋಗುತ್ತೆ. ಮತ್ತೆ ಕೇಳೋಕೆ ನಾಚಿಕೆ. ಏನು ಮಾಡೋದು?

ನಾನು ಬೀಜದ ಕಂಪನಿಯೊಂದರ ಕೆಲಸದ ಮೇಲೆ ಹದಿನಾರು ವರ್ಷದಿಂದ ಹಾವೇರಿ, ಗದಗ ಕಡೆಯ ಹಳ್ಳಿ ಸುತ್ತುವವನು. ಮುಂಗಾರಿನ ಮೊದಲು ದಿನಕ್ಕೆ ಹತ್ತು ಹದಿನೈದು ಹೊಸ ಮುಖ. ಮೊದಲೆರಡು ವರ್ಷ ನನ್ನದೂ ಇದೇ ಪಾಡಾಗಿತ್ತು.

ಬಹಳ ಸಲ ಆ ಹೆಸರು ತಲೆಯೊಳಗೆ ಹೋಗಿಯೇ ಇರುವುದಿಲ್ಲ. ಗುಡಿಯ ಕಟ್ಟೆ ಮೇಲೆ ಐದು ಮಂದಿ ಕೂತಿದ್ದಾರೆ, ಒಬ್ಬೊಬ್ಬರಾಗಿ ಹೆಸರು ಹೇಳುತ್ತಿದ್ದಾರೆ, ಮುಂದಿನ ಪಾಳಿ ನನ್ನದು. ಆಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನನ್ನ ಕಂಪನಿ, ನನ್ನ ಊರು, ಹೇಗೆ ಶುರು ಮಾಡಲಿ ಅನ್ನುವುದು. ಪಕ್ಕದವರು ಹೇಳಿದ್ದು ಕಿವಿಗೆ ಬಿದ್ದು ಅಲ್ಲೇ ಉಳಿಯಿತು. 1973ರಲ್ಲಿ ಮಾಲ್ಕಮ್ ಬ್ರೆನರ್ ಎಂಬ ಸಂಶೋಧಕ ಇದನ್ನೇ ಪರೀಕ್ಷಿಸಿ ತೋರಿಸಿದ್ದಾರೆ: ಸುತ್ತಲೂ ಕೂತವರು ಪಾಳಿ ಪ್ರಕಾರ ಪದ ಓದುವಾಗ, ತಮ್ಮ ಪಾಳಿಗೆ ಸ್ವಲ್ಪ ಮೊದಲು ಬಂದ ಪದಗಳೇ ಅವರಿಗೆ ನೆನಪಿರಲಿಲ್ಲ. ಅದನ್ನು ಓದಿದ ಮೇಲೆ ನಾನು ಒಂದು ಬದಲಾವಣೆ ಮಾಡಿಕೊಂಡೆ. ನನ್ನ ಪರಿಚಯವನ್ನು ಎರಡೇ ಸಾಲಿಗೆ ಕಟ್ಟಿ ಬಾಯಿಪಾಠ ಮಾಡಿಟ್ಟೆ. ಯೋಚಿಸುವ ಕೆಲಸ ತಪ್ಪಿತು, ಕಿವಿ ಖಾಲಿಯಾಯಿತು.

ಕೇಳಿಸಿಕೊಂಡ ಹೆಸರು ನಿಲ್ಲಬೇಕಲ್ಲ, ಅಲ್ಲಿ ನಮ್ಮ ಸೀಮೆ ನಿಮಗೆ ಉಪಕಾರ ಮಾಡುತ್ತದೆ. 1987ರಲ್ಲಿ ಇಂಗ್ಲೆಂಡಿನ ಕೆಲವು ಸಂಶೋಧಕರು ಜನರಿಗೆ ಅಪರಿಚಿತ ಮುಖಗಳ ಜೊತೆ ಹೆಸರನ್ನೂ ಕೆಲಸವನ್ನೂ ಕಲಿಸಿದರು. ‘ಬೇಕರ್’ ಅನ್ನುವ ಅದೇ ಪದವನ್ನು ಕೆಲಸ ಅಂತ ಹೇಳಿದರೆ ನೆನಪಿಗೆ ಬರುತ್ತಿತ್ತು, ಮನೆತನದ ಹೆಸರು ಅಂತ ಹೇಳಿದರೆ ಜಾರುತ್ತಿತ್ತು. ಕೆಲಸ ಅಂದರೆ ಒಲೆ, ಬ್ರೆಡ್ಡು, ಹಿಟ್ಟಿನ ಕೈ ಎಲ್ಲ ಕಣ್ಣ ಮುಂದೆ ಬರುತ್ತವೆ. ಬರೀ ಹೆಸರಿಗೆ ಹಿಡಿಯೇ ಇಲ್ಲ. ಇನ್ನು ಈ ಕಡೆ ಅಡ್ಡಹೆಸರು ಅನ್ನುವ ಮನೆತನದ ಹೆಸರು ನೋಡಿ: ಬಡಿಗೇರ, ಪತ್ತಾರ, ಹೂಗಾರ, ಬೆಲ್ಲದ, ತುಪ್ಪದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಎಲ್ಲಕ್ಕೂ ಹಿಡಿ ಕಟ್ಟಿಯೇ ಕೊಟ್ಟಿದ್ದಾರೆ! ಬಸವರಾಜ, ಮಂಜುನಾಥ ಅನ್ನುವವರು ಒಂದೊಂದು ಊರಲ್ಲೂ ಹತ್ತು ಮಂದಿ ಸಿಗುತ್ತಾರೆ, ಅದನ್ನು ನೆಚ್ಚಬೇಡಿ. “ಅಡ್ಡಹೆಸರು ಏನ್ರಿ?” ಅಂತ ಕೇಳಿ.

ಕೇಳಿದ ಮೇಲೆ ಅಲ್ಲಿಗೇ ಬಿಡಬಾರದು. ಹುಲಕೋಟಿ ಅಂದರೆ, “ಹಿರಿಯರು ಹುಲಕೋಟಿಯವರೇನ್ರಿ?” ಅನ್ನಿ. “ಅಜ್ಜನ ಕಾಲಕ್ಕ ಬಿಟ್ಟು ಬಂದಾರ್ರಿ, ಈಗ ಇಲ್ಲೇ” ಅಂತ ಉತ್ತರ ಬರುತ್ತದೆ. ಅಷ್ಟರೊಳಗೆ ಹೆಸರು ನಿಮ್ಮ ಬಾಯಿಂದ ಒಂದು ಸಲ, ಅವರ ಮಾತಿನ ಜೊತೆ ಇನ್ನೊಂದು ಸಲ ಹಾದುಹೋಗಿರುತ್ತದೆ. ಒಂದು ಎಚ್ಚರಿಕೆ ಇದೆ. ಅಡ್ಡಹೆಸರಿನಿಂದ ಜಾತಿ ತಿಳಿಯುವುದೂ ಉಂಟು, ಕೆಲವರಿಗೆ ಜಾತಿ ಕೇಳಿದಂತೆಯೇ ಅನಿಸುತ್ತದೆ. ಉತ್ತರ ತಡವಾದರೆ ಒತ್ತಾಯ ಬೇಡ. ನಾನಾದರೆ ಹೊಲ ಯಾವ ಕಡೆ ಅಂತ ಕೇಳಿ, ಹೆಸರನ್ನು ಹೊಲಕ್ಕೆ ಕಟ್ಟಿಕೊಳ್ಳುತ್ತೇನೆ.

ಮನಸ್ಸಿನಲ್ಲೇ ಹತ್ತು ಸಲ ಜಪಿಸಿ ಪ್ರಯೋಜನ ಕಡಿಮೆ. ಸ್ವಲ್ಪ ಬಿಟ್ಟು, ಮರೆಯುವ ಅಂಚಿಗೆ ಬಂದಾಗ ಎಳೆದು ತರಬೇಕು, ಆಮೇಲೆ ಇನ್ನೂ ಸ್ವಲ್ಪ ಹೆಚ್ಚು ಬಿಟ್ಟು ಮತ್ತೊಮ್ಮೆ. ಲ್ಯಾಂಡವರ್ ಮತ್ತು ಬ್ಯೋರ್ಕ್ 1978ರಲ್ಲಿ ಹೆಸರುಗಳ ಮೇಲೆಯೇ ಈ ಕ್ರಮ ಪರೀಕ್ಷಿಸಿದ್ದರು. ನನ್ನ ಗಡಿಯಾರ ಚಹಾ. ಹೆಸರು ಕೇಳಿದ ಕೂಡಲೇ ಒಂದು ಸಲ, ಚಹಾ ಬಂದಾಗ ಬಸಿ ಹಿಡಿದು ಒಂದು ಸಲ ಎಲ್ಲರ ಮುಖ ನೋಡುತ್ತ, ಎದ್ದು ಹೊರಡುವಾಗ ಬಾಯಿಬಿಟ್ಟು “ಬರ್ತೇನ್ರಿ ಬೆಲ್ಲದ ಅವರ”. ಬೈಕ್ ಹತ್ತಿರ ಹೋಗಿ ಚೀಟಿಯಲ್ಲಿ ಹೆಸರು, ಅಡ್ಡಹೆಸರು, ಒಂದು ಗುರುತು. ಚಹಾ ಹೊತ್ತಿಗೆ ಯಾರ ಹೆಸರು ಬರಲಿಲ್ಲವೋ ಅವರನ್ನು ಅಲ್ಲೇ ಕೇಳಿಬಿಡುತ್ತೇನೆ. ಕೂತ ಬೈಠಕ್ಕಿನಲ್ಲೇ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಈ ಹಿಡಿಗೂ ಒಂದು ಊನ ಇದೆ. ಬ್ಯಾಡಗಿ ಹತ್ತಿರದ ಹಳ್ಳಿಯಲ್ಲಿ ಒಬ್ಬರನ್ನು ಎರಡನೆಯ ಸಲ ಭೇಟಿಯಾದಾಗ ದೂರದಿಂದಲೇ, “ನಮಸ್ಕಾರ್ರಿ ಮೆಣಸಿನಕಾಯಿ ಅವರ” ಅಂದೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಒಣಮೆಣಸಿನಕಾಯಿ ಚೀಲದ ನಡುವೆ ಮುಂಜಾನೆ ಕಳೆದು ಬಂದಿದ್ದೆ, ಅದರ ಘಾಟು ಮೂಗಿನಲ್ಲೇ ಇತ್ತೋ ಏನೋ. ಅವರು ಉಳ್ಳಾಗಡ್ಡಿ! ಅಡಿಗೆಮನೆಯ ಸಾಮಾನು ಅನ್ನುವಷ್ಟು ನೆನಪಿತ್ತು, ಯಾವ ಸಾಮಾನು ಅನ್ನುವುದು ಅದಲುಬದಲಾಗಿತ್ತು. ಅವರು ಒಂದು ಕ್ಷಣ ನೋಡಿ, “ಇರ್ಲಿ ಬಿಡ್ರಿ, ಎರಡೂ ಒಂದ ಸಂತಿಯೊಳಗ ಸಿಗ್ತಾವ” ಅಂದರು. ಕಟ್ಟೆಯ ಮಂದಿ ನಕ್ಕರು, ನಾನೂ ನಕ್ಕೆ. ಅಂದಿನಿಂದ ಪದ ಒಂದೇ ಸಾಲದು ಅಂತ ಮುಖದ ಮೇಲೆ ಚಿತ್ರ ಕೂರಿಸುತ್ತೇನೆ. ಅವರ ಮಟ್ಟಿಗೆ ಅದು, ಉಳ್ಳಾಗಡ್ಡಿ ಹೆಚ್ಚಿ ಕಣ್ಣೀರು ಒರೆಸಿಕೊಳ್ಳುತ್ತಿರುವ ದೊಡ್ಡ ಮೀಸೆ.

ಮೂರು ತಿಂಗಳ ಮೇಲೆ ಸಿಕ್ಕವರ ಹೆಸರು ಬರದಿದ್ದರೆ “ಅವತ್ತ ಸರಿ ಕೇಳಿಸಿರ್ಲಿಲ್ರಿ” ಅನ್ನಬೇಡಿ, ಯಾರೂ ನಂಬುವುದಿಲ್ಲ. ಮೊಬೈಲ್ ಅವರ ಕೈಗೆ ಕೊಟ್ಟು “ನಂಬರ್ ಹೆಸರು ಹಾಕ್ರಿ” ಅನ್ನುವ ಯುಕ್ತಿಯನ್ನೂ ಮಾಡಿ ನೋಡಿದ್ದೇನೆ. ನಂಬರ್ ಒತ್ತಿದ ಕೂಡಲೇ ಅವರ ಹೆಸರು ಪರದೆ ಮೇಲೆ ಬಂತು, ಹೋದ ಸಲ ನಾನೇ ಉಳಿಸಿಕೊಂಡಿದ್ದೆ. ಈಗ ಮೊದಲು ನೆನಪಿರುವುದನ್ನು ಹೇಳುತ್ತೇನೆ: “ಹೋದ ಸಲ ಬೋರಿನ ಮೋಟಾರ್ ಸುಟ್ಟಿತ್ತು, ಮಗಳದು ಪರೀಕ್ಷಾ ಇತ್ತು, ಎಲ್ಲಾ ನೆನಪೈತ್ರಿ. ಹೆಸರೊಂದ ಹೊಂಟಹೋತು ನೋಡ್ರಿ, ತಪ್ಪ ತಿಳ್ಕೋಬ್ಯಾಡ್ರಿ.” ಮೋಟಾರ್ ನೆನಪಿದೆ ಅಂದ ಮೇಲೆ ಹೆಸರಿನ ಬೇಸರ ನಿಲ್ಲುವುದಿಲ್ಲ. ಹೇಳಿದ ಮೇಲೆ ಒಂದೇ ಸಲ ಆ ಹೆಸರು ಬಳಸಿ ಮುಂದಿನ ಮಾತಿಗೆ ಹೋಗಿ. ಕ್ಷಮೆ ಕೇಳುತ್ತಲೇ ಇದ್ದರೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಹಿರಿಯರ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಕಾಕಾ, ಯಜಮಾನ್ರ, ಅಕ್ಕಾರ ಅಂದರೆ ನಡೆಯುತ್ತದೆ, ಹೆಸರು ಹಿಡಿದು ಕರೆಯುವುದೇ ಇಲ್ಲಿ ಚೆಂದ ಅಲ್ಲ. ‘ರೀ’ ಒಂದರಲ್ಲೇ ವರ್ಷಗಟ್ಟಲೆ ದಿನ ದೂಡಬಹುದು. ಸಿಕ್ಕಿಬೀಳುವುದು ಮೂರನೆಯವರು ಬಂದಾಗ. ನಮ್ಮ ಆಫೀಸಿನ ಹೊಸ ಹುಡುಗ ನನ್ನ ಜೊತೆ ಬಂದಿದ್ದ, ಎದುರಿಗೆ ಆರು ವರ್ಷದಿಂದ ‘ರೀ’ ಅಂತಲೇ ಕರೆದ ಅಂಗಡಿಯವರು. “ಇವ ನಮ್ಮ ಹುಡುಗ” ಅಂತ ಹೇಳಿ ಸುಮ್ಮನೆ ನಿಂತೆ, ಅವರೇ ಹೆಸರು ಹೇಳಿಕೊಳ್ಳಲಿ ಅಂತ. ಅವರು ಹುಡುಗನ ಕೈ ಕುಲುಕಿ, “ನನ್ನ ಬಗ್ಗೆ ಎಲ್ಲಾ ನಿಮ್ಮ ಸರ್ ಹೇಳೇ ಇರ್ತಾರ ಬಿಡ್ರಿ” ಅಂದರು.