ಬ್ಲೂಟೂತ್ ಸೆನ್ಸರ್‌ನಿಂದ ಆ್ಯಪ್ ತಾಪಮಾನ ಓದುವ ಬಗೆ

ಪ್ರಶ್ನೆ: ಪುಟ್ಟ ತಾಪಮಾನ ಸೆನ್ಸರ್ ಫೋನಿಗೆ ಕನೆಕ್ಟ್ ಆಗುತ್ತದೆ. ಸರ್ವೀಸ್, ಕ್ಯಾರೆಕ್ಟರಿಸ್ಟಿಕ್ ಅಂದರೇನು? ಆ್ಯಪ್ ಅದರಿಂದ ಅಂಕಿ ಓದುವುದು ಹೇಗೆ?

ಉತ್ತರ: ಸೆನ್ಸರ್ ತನ್ನೊಳಗೆ ಒಂದು ಚಿಕ್ಕ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಅದರಲ್ಲಿನ ಒಂದೊಂದು ಮೌಲ್ಯವೂ ಒಂದು ಕ್ಯಾರೆಕ್ಟರಿಸ್ಟಿಕ್. ಸಂಬಂಧಪಟ್ಟ ಕ್ಯಾರೆಕ್ಟರಿಸ್ಟಿಕ್‌ಗಳ ಗುಂಪೇ ಸರ್ವೀಸ್. ಪರಿಸರ ಮಾಪನದ ಪ್ರಮಾಣಿತ ಸರ್ವೀಸ್‌ಗೆ `0x181A` ಎಂಬ ಗುರುತುಸಂಖ್ಯೆಯಿದ್ದು, ಅದರೊಳಗಿನ ತಾಪಮಾನಕ್ಕೆ `0x2A6E` ಎಂಬುದಿದೆ. ಸಂಪರ್ಕವಾದ ಮೇಲೆ ಆ್ಯಪ್ ಮೊದಲು ಪಟ್ಟಿಯನ್ನು ಕೇಳಿ ಪಡೆದು, ಈ ಸಂಖ್ಯೆಗಳಿಂದ ಬೇಕಾದ ಮೌಲ್ಯವನ್ನು ಗುರುತಿಸಿ, ಅದನ್ನು ಓದುವ ಕೋರಿಕೆ ಕಳಿಸುತ್ತದೆ.

ಬರುವ ಉತ್ತರ ಎರಡು ಬೈಟ್ ಮಾತ್ರ. ಅವು `0A 0B` ಎಂದಿರಲಿ. ಕೆಳಬೈಟ್ ಮೊದಲು ಬರುವುದರಿಂದ ಇದನ್ನು `0x0B0A`, ಅಂದರೆ 2826 ಎಂದು ಓದಬೇಕು. ಏಕಮಾನ ಡಿಗ್ರಿಯ ನೂರನೇ ಒಂದು ಭಾಗವಾದ್ದರಿಂದ ತಾಪಮಾನ 28.26 ಡಿಗ್ರಿ ಸೆಲ್ಸಿಯಸ್. ಬೈಟ್‌ಗಳನ್ನು ಹಿಂದುಮುಂದಾಗಿ ಓದಿದರೆ 25.71 ಸಿಗುತ್ತದೆ, ಮತ್ತು ಅದೂ ಕೋಣೆಯ ತಾಪಮಾನದಂತೆಯೇ ಕಾಣುವುದರಿಂದ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಸೊನ್ನೆಗಿಂತ ಕೆಳಗಿನ ತಾಪಮಾನಕ್ಕಾಗಿ ಇದನ್ನು ಚಿಹ್ನೆಸಹಿತ ಸಂಖ್ಯೆಯಾಗಿಯೇ ಓದಬೇಕು.

ಪದೇಪದೇ ಕೇಳುವ ಬದಲು, ಮೌಲ್ಯವನ್ನು ಸೆನ್ಸರ್ ತಾನೇ ಕಳಿಸಲಿ ಎಂದಾದರೆ, ಆ ಸೌಲಭ್ಯವಿರುವ ಕ್ಯಾರೆಕ್ಟರಿಸ್ಟಿಕ್‌ನ ಸೆಟ್ಟಿಂಗ್ ಹಿಡಿದಿಡುವ `0x2902` ಡಿಸ್ಕ್ರಿಪ್ಟರ್‌ಗೆ `01 00` ಬರೆಯಬೇಕು. ಆಂಡ್ರಾಯ್ಡ್‌ನಲ್ಲಿ `setCharacteristicNotification` ಕರೆದಷ್ಟಕ್ಕೇ ಈ ಬರವಣಿಗೆ ನಡೆಯುವುದಿಲ್ಲ. ಸಂಪರ್ಕವಿದ್ದೂ, ಓದುವ ಕೋರಿಕೆಗೆ ಉತ್ತರ ಸಿಕ್ಕೂ, ತಾನಾಗಿ ಏನೂ ಬರುತ್ತಿಲ್ಲವಾದರೆ ಮೊದಲು ಅದನ್ನೇ ಪರಿಶೀಲಿಸಿ.