ಹೆಸರು ಗೊತ್ತಿಲ್ಲದವರಿಗೆ ನೀನು ಅನ್ನಬೇಕಾ, ನೀವು ಅನ್ನಬೇಕಾ?

ಪ್ರಶ್ನೆ: ಕೆಲಸದ ಮೇಲೆ ಕೊಡಗಿನ ಗೋಣಿಕೊಪ್ಪಕ್ಕೆ ಬಂದು ಎರಡು ವಾರ ಆಯ್ತು. ಹೆಸರು ಗೊತ್ತಿಲ್ಲದವರ ಹತ್ತಿರ ಮಾತಾಡುವಾಗ ನೀನು, ನೀವು ಗೊಂದಲ ಆಗುತ್ತೆ. ತೋಟದ ಕೆಲಸದವರಿಗೂ ನೀವು ಅಂದ್ರೆ ಅತಿ ಅನಿಸುತ್ತಾ?

ಇಲ್ಲ, ಅತಿ ಅನಿಸೋದಿಲ್ಲ. ಮೀಸೆ ಚಿಗುರಿದ ಹುಡುಗನಿಂದ ಹಿಡಿದು ಎಲ್ಲರಿಗೂ ನೀವು ಅನ್ನಿ. ಶಾಲೆ ಮಕ್ಕಳಿಗೆ ನೀನು ಸಾಕು.

ಇದನ್ನ ನಾನು ಕಲಿತದ್ದು ಸ್ವಲ್ಪ ಮುಜುಗರ ಪಟ್ಟುಕೊಂಡೇ. ಕೆಲವು ವರ್ಷ ಮೆಣಸು, ಕಾಫಿ ಕೊಳ್ಳುವ ಅಂಗಡಿಯಲ್ಲಿ ತೂಕದ ಹತ್ತಿರ ಕೂರುತ್ತಿದ್ದೆ. ಒಂದಿನ ಮಳೆಯಲ್ಲಿ ಒಬ್ಬರು ಬಂದರು. ಮಂಡಿವರೆಗೆ ಕೆಸರು, ಸೊಂಟದಲ್ಲಿ ಕತ್ತಿ, ತಲೆ ಮೇಲೆ ಪ್ಲಾಸ್ಟಿಕ್ ಹೊದಿಕೆ. ನಾನು ತಲೆ ಎತ್ತದೆ "ಎಷ್ಟು ಚೀಲ ತಂದಿದ್ದೀಯ?" ಅಂದೆ. ಅವರು ನಿಧಾನಕ್ಕೆ, "ಎರಡು ಉಂಟು. ನೀವು ತೂಕ ಹಾಕಿ" ಅಂದರು. ಆ 'ನೀವು'ನಲ್ಲಿ ಸಿಟ್ಟೇನೂ ಇರಲಿಲ್ಲ, ಅದಕ್ಕೇ ಜಾಸ್ತಿ ಚುಚ್ಚಿತು. ಅವರು ತೋಟದ ಧಣಿಯಾ, ಆಳಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಇಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಅಲ್ಲದೆ ಆಳೇ ಆಗಿದ್ದರೂ ನನ್ನ ಮಾತು ಸರಿ ಆಗುತ್ತಿತ್ತಾ?

ಗಮನಿಸಿ, ನಾನು 'ನೀನು' ಅನ್ನೋ ಪದವನ್ನೇ ಬಳಸಿರಲಿಲ್ಲ. ಕನ್ನಡದಲ್ಲಿ ಆ ಪದ ನುಂಗಿಕೊಂಡರೂ ಕ್ರಿಯಾಪದದ ಬಾಲ ನಮ್ಮನ್ನು ಬಿಟ್ಟುಕೊಡುತ್ತೆ. ತಂದಿದ್ದೀಯ, ತಂದಿದ್ದೀರಿ. ಬಾ, ಬನ್ನಿ. ತಗೋ, ತಗೊಳ್ಳಿ. ಎಷ್ಟೋ ಜನ 'ನೀವು' ಅಂತ ಶುರು ಮಾಡಿ, ಅವಸರದಲ್ಲಿ "ಇಲ್ಲಿ ಸೈನ್ ಹಾಕು" ಅಂತ ಮುಗಿಸುತ್ತಾರೆ. ಕೇಳಿದವರಿಗೆ ನೆನಪಿರೋದು ಆ ಕೊನೆಯ 'ಹಾಕು'.

ತೀರಾ ಗೊಂದಲ ಆದಾಗ ಬಾಲವೇ ಇಲ್ಲದ ಹಾಗೆ ಕೇಳಬಹುದು. "ಹೋಗೋದು ಎಲ್ಲಿಗೆ?" "ಯಾವೂರಾಯ್ತು?" "ಕಾಫಿ ಆಯ್ತಾ?" ಇವುಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಆದರೆ ಒಂದೆರಡು ಮಾತಿಗೆ ಇದು ಸಾಕು, ಅಷ್ಟೆ. ಯಾರನ್ನಾದರೂ ಕೂರಿಸಬೇಕು ಅಂದ್ರೆ 'ಕೂತ್ಕೋ' ಅಥವಾ 'ಕೂತ್ಕೊಳ್ಳಿ', ಎರಡರಲ್ಲಿ ಒಂದು ಆರಿಸಲೇಬೇಕಲ್ವಾ. ಹೆಸರಿನ ಜಾಗಕ್ಕೆ ಅಣ್ಣ, ಅಕ್ಕ, ಅಜ್ಜಿ ಧಾರಾಳವಾಗಿ ಹಾಕಿ. ಮನೆಯ ಅಜ್ಜಿಗೆ ನೀನು ಅನ್ನೋ ಅಭ್ಯಾಸ ಇದ್ದರೂ ದಾರಿಯ ಅಜ್ಜಿಗೆ "ಅಜ್ಜಿ, ನೀವು ಕೂತ್ಕೊಳ್ಳಿ" ಅಂತಲೇ ಅನ್ನಬೇಕು. ಮಡಿಕೇರಿ, ಸಂಪಾಜೆ ಕಡೆ ಹೋದರೆ 'ಮಾರಾಯ', 'ಮಾರಾಯ್ರೆ' ಕಿವಿಗೆ ಬೀಳುತ್ತೆ. ಅಪರಿಚಿತರ ಹತ್ತಿರ ಎರಡೂ ಬೇಡ, ಅವು ಸಲುಗೆ ಆದ ಮೇಲಿನ ಮಾತು.

ಎದುರಿಗೆ ನೀವು ಅಂದು, ಪಕ್ಕದವರ ಕಡೆ ತಿರುಗಿ "ಇವನಿಗೆ ಚಿಲ್ಲರೆ ಕೊಡಿ" ಅಂದರೆ ಮೊದಲ ಮರ್ಯಾದೆಯೂ ಹೋಯ್ತು. ಹೆಸರು ಗೊತ್ತಿಲ್ಲದಿದ್ದಾಗ ಈ ಎಡವಟ್ಟು ಆಗೋದೇ ಜಾಸ್ತಿ, ಯಾಕಂದ್ರೆ ಕೈ ತೋರಿಸಿ 'ಇವನು' ಅನ್ನೋದು ಸುಲಭ. 'ಇವರಿಗೆ' ಅನ್ನಿ.

ಕೊಡವರ ಹತ್ತಿರ ಇನ್ನೊಂದು ತಮಾಷೆ ಇದೆ. ಅವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ 'ನಿಂಗ' ಅಂದ್ರೆ ನೀವು, 'ನಿಂಗಡ' ಅಂದ್ರೆ ನಿಮ್ಮ. ನಮ್ಮ ಆಡುಮಾತಿನ 'ನಿಂಗೆ' ಮಾತ್ರ ನಿನಗೆ. ಅಂಗಡಿಯಲ್ಲಿ ಅವರವರ ಮಾತಲ್ಲಿ 'ನಿಂಗ' ಕೇಳಿಸಿತು ಅಂತ ನೀವು ಕನ್ನಡದಲ್ಲಿ "ನಿಂಗೆ ಏನು ಬೇಕು" ಅಂದುಬಿಡಬೇಡಿ. 'ನಿಮ್ಗೆ' ಅನ್ನಿ, ಆ ಮಕಾರ ಸ್ಪಷ್ಟವಾಗಿ ಕೇಳಲಿ.

ನಿಮಗೆ ಯಾರಾದರೂ ನೀನು ಅಂದ್ರೆ? ವಯಸ್ಸಾದವರು ಅಂದರೆ ಅದು ಪ್ರೀತಿ, ನೀವು ಮಾತ್ರ ತಿರುಗಿ ನೀನು ಅನ್ನಬೇಡಿ. ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದ ಹುಡುಗರೂ "ಅಣ್ಣ, ನೀನು ಬಾ" ಅನ್ನಬಹುದು. ಅವರ ಕಿವಿಗೆ ದಿನವಿಡೀ ಬಿದ್ದ ಕನ್ನಡ ಬಾ, ಹೋಗು, ತಗೋ ಮಾತ್ರ, ಬೇರೆ ರೂಪ ಕಲಿಯೋದಾದರೂ ಎಲ್ಲಿ?

ಬಾಯಿ ತಪ್ಪಿ ನೀನು ಅಂದುಬಿಟ್ಟರೆ ದೊಡ್ಡದಾಗಿ ಕ್ಷಮೆ ಕೇಳೋಕೆ ಹೋಗಬೇಡಿ, ಇಬ್ಬರಿಗೂ ಇರುಸುಮುರುಸು. ಮುಂದಿನ ಮಾತಲ್ಲೇ ಬಾಲ ಬದಲಿಸಿ. ಅವತ್ತು ನಾನು ಮಾಡಿದ್ದೂ ಅಷ್ಟೆ. "ಒಳಗೆ ಬನ್ನಿ, ನೆನೀತಿದ್ದೀರಲ್ಲ" ಅಂದು ಸ್ಟೂಲ್ ಎಳೆದು ಕೊಟ್ಟೆ. ಅವರು ಕೂತರು, ಚೀಲದ ಬಾಯಿ ಬಿಚ್ಚಿದರು.